ಕೆಲಸ ಬಿಡಲೋ ಬೇಡವೋ ಎಂದು ಕೇಳಿ ಬಂದವರಿಗೆ ಮೂರು ಕಾರ್ಡು ಓದುವ ಕ್ರಮ

"ಹೋಗೂದಾ, ಬ್ಯಾಡ್ವಾ? ಅಷ್ಟು ಹೇಳಿ ಸಾಕು." ಕೆಲಸ ಬದಲಿಸುವ ಯೋಚನೆಯಲ್ಲಿದ್ದವರು ಟ್ಯಾರೋ ಕಾರ್ಡಿನ ಮುಂದೆ ಕೂತು ಮೊದಲು ಕೇಳುವುದು ಇದನ್ನೇ. ನಿನ್ನೆ, ಇಂದು, ನಾಳೆ ಎಂದು ಸಾಲಾಗಿ ಇಡುವ ಮೂರು ಕಾರ್ಡುಗಳು ಉತ್ತರ ಕೊಡಲಾಗದ ಪ್ರಶ್ನೆಯೂ ಇದೇ. ಆ ಮೂರು ಸ್ಥಾನಗಳಲ್ಲಿ 'ಹೌದು' ಎನ್ನುವ ಜಾಗವಿಲ್ಲ, 'ಇಲ್ಲ' ಎನ್ನುವ ಜಾಗವೂ ಇಲ್ಲ. ಇರುವುದು ಒಂದು ಕಥೆಯ ಮೂರು ತುಂಡು ಮಾತ್ರ. ಅದನ್ನು ಸರಿಯಾಗಿ ಜೋಡಿಸಿದರೆ ಕೇಳುವವರು ತಮ್ಮ ಲೆಕ್ಕದಲ್ಲಿ ಯಾವುದನ್ನು ಬಿಟ್ಟಿದ್ದಾರೆ ಎಂಬುದು ಅವರ ಬಾಯಿಂದಲೇ ಹೊರಬರುತ್ತದೆ. ಕಾರ್ಡಿನಿಂದ ಆಗುವ ಕೆಲಸ ಅಷ್ಟು. ಕಾರ್ಡಿಗೆ ನಾಳೆ ಗೊತ್ತಿದೆ ಎನ್ನುವುದಕ್ಕೆ ಯಾವ ಪುರಾವೆಯೂ ಇಲ್ಲ. ಟ್ಯಾರೋ ಹುಟ್ಟಿದ್ದೇ 15ನೇ ಶತಮಾನದ ಇಟಲಿಯಲ್ಲಿ, ಇಸ್ಪೀಟಿನಂಥ ಆಟವಾಗಿ. ಭವಿಷ್ಯ ಹೇಳಲು ಅದನ್ನು ಬಳಸುವ ರೂಢಿ ಗಟ್ಟಿಯಾಗಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಓದುವವರೂ ಹದ ತಪ್ಪುವುದಿಲ್ಲ, ಕೇಳುವವರೂ ಮರುದಿನವೇ ರಾಜೀನಾಮೆ ಬರೆಯುವುದಿಲ್ಲ.

ಇಲ್ಲಿ ಹೇಳುವುದೆಲ್ಲ ರೈಡರ್-ವೇಟ್ ಎಂದು ಕರೆಯುವ ಕಟ್ಟನ್ನು ಇಟ್ಟುಕೊಂಡು. 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ಈ ಕಟ್ಟಿನ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಇದನ್ನೇ ಆರಿಸಲು ಕಾರಣವಿದೆ: ಇದರಲ್ಲಿ ಸಣ್ಣ ಕಾರ್ಡುಗಳಿಗೂ ಪೂರ್ತಿ ಚಿತ್ರವಿದೆ. ಎಂಟು ನಾಣ್ಯ ಎಂದರೆ ಎಂಟು ನಾಣ್ಯಗಳನ್ನು ಬರೇ ಸಾಲಾಗಿ ಬಿಡಿಸಿಲ್ಲ, ಬೆಂಚಿನ ಮೇಲೆ ಕೂತು ಅವುಗಳನ್ನು ಕೆತ್ತುತ್ತಿರುವ ಒಬ್ಬ ಮನುಷ್ಯನಿದ್ದಾನೆ. ಕೆಲಸದ ಪ್ರಶ್ನೆಗೆ ಆ ಮನುಷ್ಯ ಬೇಕು.

ಕಾರ್ಡು ಮುಟ್ಟುವ ಮೊದಲು

ಮೊದಲು ಪ್ರಶ್ನೆಯನ್ನು ತಿರುಗಿಸಿ ಬರೆಯಿಸಬೇಕು. "ನಾನು ಕೆಲಸ ಬಿಡಲೇ?" ಎಂಬುದನ್ನು "ಈ ಕೆಲಸ ಬಿಟ್ಟು ಆ ಕೆಲಸಕ್ಕೆ ಹೋಗುವ ವಿಚಾರದಲ್ಲಿ ನಾನು ಯಾವುದನ್ನು ಸರಿಯಾಗಿ ನೋಡಿಲ್ಲ, ಮುಂದಿನ ಆರು ತಿಂಗಳ ಮಟ್ಟಿಗೆ?" ಎಂದು ಮಾಡಿಸಿ. ಆರು ತಿಂಗಳು ಎಂಬ ಗಡಿ ಕಡ್ಡಾಯ. ಗಡಿ ಇಲ್ಲದಿದ್ದರೆ ಮೂರನೇ ಕಾರ್ಡು ನಾಳೆಗೂ ಹೊಂದುತ್ತದೆ, ನಿವೃತ್ತಿಯ ದಿನಕ್ಕೂ ಹೊಂದುತ್ತದೆ. ಎಲ್ಲದಕ್ಕೂ ಹೊಂದುವ ಮಾತಿನಿಂದ ಕೇಳಿದವರಿಗೆ ಉಪಯೋಗವಿಲ್ಲ.

ಆಮೇಲೆ ಅದೇ ಕಾಗದದಲ್ಲಿ ವಾಸ್ತವದ ನಾಲ್ಕು ಸಾಲು: ಈಗಿನ ಸಂಬಳ ಮತ್ತು ಸಿಗಲಿರುವ ಸಂಬಳ, ಹೊಸ ಕಡೆ ಕಾಯಮ್ಮೋ ಕಾಂಟ್ರಾಕ್ಟೋ, ಉತ್ತರ ಕೊಡಲು ಎಷ್ಟು ದಿನ ಉಳಿದಿದೆ, ಮನೆಯಲ್ಲಿ ಈ ದುಡಿಮೆಯನ್ನು ನಂಬಿದವರು ಯಾರು. ಇದನ್ನು ಕಾರ್ಡು ಹಾಕುವ ಮೊದಲೇ ಬರೆಯಿಸಬೇಕು. ಕಾರ್ಡು ನೋಡಿದ ಮೇಲೆ ಬರೆಸಿದರೆ ಅಂಕಿಗಳೂ ಚಿತ್ರದ ಬಣ್ಣ ಹಚ್ಚಿಕೊಂಡು ಬರುತ್ತವೆ.

ಕೊನೆಗೆ ಒಂದು ಚಿಕ್ಕ ಚೀಟಿ. ಸೊನ್ನೆ ಎಂದರೆ 'ಇಲ್ಲೇ ಇರುತ್ತೇನೆ', ಹತ್ತು ಎಂದರೆ 'ಹೊರಟೇಬಿಟ್ಟೆ'. ಈ ಕ್ಷಣಕ್ಕೆ ಮನಸ್ಸು ಎಲ್ಲಿದೆ ಎಂದು ಒಂದು ಅಂಕಿ ಬರೆದು, ಮಡಿಸಿ, ತಮ್ಮ ಹತ್ತಿರವೇ ಇಟ್ಟುಕೊಳ್ಳಲಿ. ಓದುವವರು ಅದನ್ನು ನೋಡಬಾರದು. ನೋಡಿದರೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಆ ಅಂಕಿಗೆ ಸರಿಯಾಗಿ ಓದಲು ಶುರುಮಾಡುತ್ತಾರೆ. ಸಂಗತಿಗಳೆಲ್ಲ ಓದುವವರಿಗೆ ತಿಳಿದಿರಲಿ, ಒಲವು ಮಾತ್ರ ತಿಳಿಯದಿರಲಿ. ಏನನ್ನೂ ಕೇಳದೆ ಓದುವುದೇ ದೊಡ್ಡ ಓದು ಎಂಬ ಅಭಿಪ್ರಾಯ ಕೆಲವರದು. ಕೆಲಸದ ಪ್ರಶ್ನೆಗೆ ಅದು ಬರೇ ಚಮತ್ಕಾರದ ಆಟ.

ಕಟ್ಟು, ಕಲಸುವುದು, ಕೂರುವ ಜಾಗ

ಕಟ್ಟಿನಲ್ಲಿ 78 ಕಾರ್ಡು ಇವೆಯೇ ಎಂದು ಎಣಿಸಿ. 22 ದೊಡ್ಡ ಕಾರ್ಡು, ಅಂದರೆ ಮೇಜರ್ ಅರ್ಕಾನಾ. ಉಳಿದ 56 ನಾಲ್ಕು ಪಂಗಡದವು: ಕೋಲಿನ ಚಿತ್ರದ ವ್ಯಾಂಡ್ಸ್, ಬಟ್ಟಲಿನ ಕಪ್ಸ್, ಕತ್ತಿಯ ಸ್ವೋರ್ಡ್ಸ್, ನಾಣ್ಯದ ಪೆಂಟಕಲ್ಸ್, ತಲಾ 14. ಕೆಲಸದ ಮಾತಿಗೆ ಬೇಕಾದಷ್ಟೇ ಹೇಳುವುದಾದರೆ ವ್ಯಾಂಡ್ಸ್ ಎಂದರೆ ಹುಮ್ಮಸ್ಸು ಮತ್ತು ಹೊಸ ಉದ್ಯೋಗ, ಕಪ್ಸ್ ಎಂದರೆ ಮನಸ್ಸಿನ ಒಲವು, ಸ್ವೋರ್ಡ್ಸ್ ಎಂದರೆ ತಲೆ, ಮಾತು, ಜಗಳ, ಪೆಂಟಕಲ್ಸ್ ಎಂದರೆ ದುಡ್ಡು, ಕಸುಬು, ಕೈಗೆ ಸಿಗುವಂಥದ್ದು.

ನಮ್ಮ ಕರಾವಳಿಯಲ್ಲಿ ಒಂದು ಬೇರೆಯದೇ ತೊಂದರೆ ಇದೆ. ಜೂನ್ ಶುರುವಾದರೆ ಕಾರ್ಡು ತಂಪು ಹಿಡಿಯುತ್ತದೆ. ಕಾರವಾರ, ಅಂಕೋಲಾ ಕಡೆ ಮಳೆಗಾಲದಲ್ಲಿ ಎರಡು ಕಾರ್ಡು ಒಂದಕ್ಕೊಂದು ಅಂಟಿ ಒಂದೇ ಕಾರ್ಡಿನಂತೆ ಕೈಗೆ ಬರುವುದು ಮಾಮೂಲು. ತೆಗೆದ ಕಾರ್ಡಿನ ಬೆನ್ನಿಗೆ ಇನ್ನೊಂದು ಕೂತಿದ್ದರೆ ಯಾವುದನ್ನು ಓದಬೇಕು ಎಂಬ ಗೊಂದಲ ಆಮೇಲೆ ಬೇಡ. ಹಾಕುವ ಮೊದಲು ಒಣಬಟ್ಟೆಯಲ್ಲಿ ಒರೆಸಿ, ಮೂಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸರ್ರನೆ ಬಿಡಿಸಿ ನೋಡಿ. ಉಳಿದ ದಿನ ಸ್ಟೀಲ್ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ಲಿನ ಪೊಟ್ಟಣದ ಜೊತೆ ಇಟ್ಟರೆ ಸಾಕು. ರೇಷ್ಮೆ ಬಟ್ಟೆಯಲ್ಲೇ ಸುತ್ತಿಡಬೇಕು ಎಂಬುದು ನಂಬಿಕೆ. ತಂಪು ತಡೆಯುವುದು ಮಾತ್ರ ಡಬ್ಬಿ.

ಈ ಕಾರ್ಡುಗಳು ಇಸ್ಪೀಟ್ ಎಲೆಗಿಂತ ದೊಡ್ಡವು. ಒಂದು ಕೈಯಿಂದ ಇನ್ನೊಂದು ಕೈಗೆ ಸುರಿಯುವ ಕಲಸುವಿಕೆಯಲ್ಲಿ ಮೂರು ನಾಲ್ಕು ಸಲಕ್ಕೆ ಇವು ಬೆರೆಯುವುದಿಲ್ಲ. ಹಿಂದಿನವರಿಗೆ ಬಂದ ಕಾರ್ಡುಗಳು ಗುಂಪಾಗಿ ಹಾಗೇ ಉಳಿದಿರುತ್ತವೆ. "ಮತ್ತೆ ಅದೇ ಕಾರ್ಡು ಬಂತು ನೋಡಿ, ಏನೋ ಸೂಚನೆ" ಎನ್ನುವುದರಲ್ಲಿ ಎಷ್ಟೋ ಸಲ ಸೂಚನೆ ಏನಿಲ್ಲ, ಕಟ್ಟು ಸರಿಯಾಗಿ ಕಲಸಿಲ್ಲ ಅಷ್ಟೇ. ಚಾಪೆಯ ಮೇಲೋ ಮೇಜಿನ ಬಟ್ಟೆಯ ಮೇಲೋ ಎಲ್ಲವನ್ನೂ ಕವುಚಿ ಹರಡಿ, ಎರಡೂ ಅಂಗೈಯಿಂದ ಒಂದು ನಿಮಿಷ ಸುತ್ತಾಡಿಸಿ, ಮತ್ತೆ ಒಟ್ಟುಮಾಡಿ. ಕೇಳಲು ಬಂದವರೇ ಇದನ್ನು ಮಾಡಲಿ. ಹೀಗೆ ಕಲಸಿದಾಗ ಅರ್ಧದಷ್ಟು ಕಾರ್ಡು ತಲೆಕೆಳಗಾಗುತ್ತವೆ. ತಲೆಕೆಳಗಾದದ್ದನ್ನು ಬೇರೆಯಾಗಿ ಓದುತ್ತೀರೋ, ನೆಟ್ಟಗೆ ಮಾಡಿ ಓದುತ್ತೀರೋ ಎಂಬುದನ್ನು ಕಾರ್ಡು ತೆಗೆಯುವ ಮೊದಲೇ ನಿರ್ಧರಿಸಿರಬೇಕು. ಮೂರೇ ಕಾರ್ಡಿನ ಓದಿಗೆ ನೆಟ್ಟಗೆ ಮಾಡಿ ಓದುವುದೇ ಒಳ್ಳೆಯದು. ಸ್ಥಾನವೇ ಅರ್ಥವನ್ನು ಬೇಕಾದಷ್ಟು ತಿರುಗಿಸುತ್ತದೆ.

ಕೂರುವ ಜಾಗದಲ್ಲಿ ಆಗುವ ತಪ್ಪು ಸಣ್ಣದು, ಆದರೆ ಓದನ್ನೇ ಕೆಡಿಸುತ್ತದೆ. ಎದುರುಬದುರು ಕೂತರೆ ನಿಮ್ಮ ಎಡ ಅವರ ಬಲ. ನೀವು ಎಡದಿಂದ ನಿನ್ನೆ, ಇಂದು, ನಾಳೆ ಎಂದು ಇಟ್ಟದ್ದು ಅವರ ಕಣ್ಣಿಗೆ ನಾಳೆಯಿಂದ ಶುರುವಾಗುತ್ತದೆ, ಮೂರೂ ಕಾರ್ಡು ತಲೆಕೆಳಗಾಗಿಯೂ ಕಾಣುತ್ತವೆ. ಅವರು ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಕಥೆ ನಿಮ್ಮದಕ್ಕಿಂತ ಬೇರೆಯಾಗುತ್ತದೆ. ಒಂದೇ ಬದಿಯಲ್ಲಿ ಅಕ್ಕಪಕ್ಕ ಕೂತುಕೊಳ್ಳಿ. ಗಂಡ, ಹೆಂಡತಿ, ಅಮ್ಮ ಜೊತೆಗೆ ಬಂದಿದ್ದರೆ ಅವರು ಸ್ವಲ್ಪ ಹೊತ್ತು ಒಳಗೆ ಚಾ ಕುಡಿಯುತ್ತಿರಲಿ. ಅವರೆದುರು ಬರುವುದು ಮನೆಯವರಿಗೆ ಹಿಡಿಸುವ ಉತ್ತರ.

ಮೂರು ಸ್ಥಾನಗಳು ನಿಜವಾಗಿ ಏನು ಕೇಳುತ್ತವೆ

ಕಟ್ಟಿನ ಮೇಲಿಂದ ಮೂರು ಕಾರ್ಡು ತೆಗೆದು ಎಡದಿಂದ ಬಲಕ್ಕೆ ಕವುಚಿ ಇಡಿ. ಆಮೇಲೆ ಮೂರನ್ನೂ ಒಟ್ಟಿಗೆ ತೆರೆದು ಅರ್ಧ ನಿಮಿಷ ಇಬ್ಬರೂ ಸುಮ್ಮನೆ ನೋಡಿ. ಒಂದೊಂದಾಗಿ ತೆರೆಯುತ್ತಾ ಹೋದರೆ ಮೊದಲ ಕಾರ್ಡಿಗೇ ಎಲ್ಲ ಮಾತು ಖರ್ಚಾಗಿ, ಮೂರನೆಯದು ಬರುವಾಗ ಕೇಳುವವರ ಮನಸ್ಸು ಫಲ ಎಂತದು ಎಂಬುದರ ಮೇಲೇ ಇರುತ್ತದೆ.

ಮೊದಲ ಸ್ಥಾನ ನಿನ್ನೆ. ಇದು ಬಾಲ್ಯವಲ್ಲ, ಜಾತಕವೂ ಅಲ್ಲ. ಈಗಿನ ಕೆಲಸದಲ್ಲಿ ಈ ಪ್ರಶ್ನೆ ಹುಟ್ಟಲು ಕಾರಣವಾದದ್ದು ಮಾತ್ರ. ಎರಡನೆಯದು ಇಂದು, ಅಂದರೆ ಕೇಳುವವರು ಈಗ ಹೇಗೆ ನಿಂತಿದ್ದಾರೆ ಎಂಬ ಭಂಗಿ. ಮೂರರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ, ಏಕೆಂದರೆ ಇಲ್ಲೊಂದೇ ಕೇಳುವವರ ಕೈಗೆ ಸಿಗುವ ಜಾಗ. ಮೂರನೆಯದು ನಾಳೆ, ಎಂದರೆ ಈ ಭಂಗಿ ಬದಲಾಗದಿದ್ದರೆ ದಾರಿ ಯಾವ ಕಡೆ ಹೊರಳುತ್ತದೆ ಎಂಬುದು. 'ಹೀಗೆ ಆಗುತ್ತದೆ' ಎಂದು ಓದಬಾರದು. 'ಹೀಗೇ ಇದ್ದರೆ ಹೀಗೆ' ಎಂದು ಓದಬೇಕು.

ಒಂದೇ ಕಾರ್ಡು ಸ್ಥಾನ ಬದಲಾದರೆ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ಸೆವೆನ್ ಆಫ್ ಪೆಂಟಕಲ್ಸ್ ನೋಡಿ. ಗುದ್ದಲಿಗೆ ಗದ್ದ ಊರಿ ನಿಂತ ರೈತ, ಎದುರಿನ ಗಿಡದಲ್ಲಿ ನಾಣ್ಯಗಳು ಬಿಟ್ಟಿವೆ, ಅವನು ಕೊಯ್ಯುತ್ತಿಲ್ಲ, ನೋಡುತ್ತಿದ್ದಾನೆ. ಅಡಿಕೆ ತೋಟ ಇದ್ದವರಿಗೆ ಈ ಕಾರ್ಡು ಬಿಡಿಸಿ ಹೇಳಬೇಕಿಲ್ಲ. ಸಸಿ ನೆಟ್ಟು ವರ್ಷಗಟ್ಟಲೆ ಕಾದವರ ಮುಖ ಅದು. ನಿನ್ನೆಯ ಜಾಗದಲ್ಲಿ ಬಂದರೆ ಇಷ್ಟು ವರ್ಷ ಕಾದು ಸುಸ್ತಾದ ಮನುಷ್ಯ. ಇಂದಿನ ಜಾಗದಲ್ಲಿ ಬಂದರೆ ಕೊಯ್ಲಿನ ಲೆಕ್ಕ ಹಾಕುತ್ತಿರುವವನು: ಪ್ರಮೋಷನ್ ಎದುರಿಗೇ ಇದೆಯೋ, ಅಥವಾ ಇದೆ ಎಂದು ತಾನೇ ಅಂದುಕೊಂಡಿದ್ದಾನೋ? ನಾಳೆಯ ಜಾಗದಲ್ಲಿ ಬಂದರೆ ಎಲ್ಲಿಗೆ ಹೋದರೂ ಮೊದಲ ಆರು ತಿಂಗಳು ಫಲ ಕೈಗೆ ಬಾರದು, ಅಷ್ಟು ದಿನ ತಡೆಯುವ ಶಕ್ತಿ ಇದೆಯೇ ಎಂಬ ಪ್ರಶ್ನೆ. ಪುಸ್ತಕದಲ್ಲಿ 'ತಾಳ್ಮೆ' ಎಂದು ಒಂದೇ ಪದ ಬರೆದಿರುತ್ತದೆ. ಆ ಪದವನ್ನು ಮೂರೂ ಜಾಗದಲ್ಲಿ ಉರು ಹೊಡೆದರೆ ಓದಿದಂತಾಗಲಿಲ್ಲ.

ಒಂದು ಓದು, ಮೊದಲಿಂದ ಕೊನೆಯವರೆಗೆ

ಹೀಗೊಬ್ಬರು ಬಂದರು ಎಂದಿಟ್ಟುಕೊಳ್ಳಿ. ಶಿರಸಿಯ ಒಂದು ಅಡಿಕೆ ವ್ಯಾಪಾರದ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ಲೆಕ್ಕ ಬರೆಯುವ 34ರ ಹೆಣ್ಣುಮಗಳು. ಸಂಬಳ 21,000. ಕಾರವಾರದ ಒಬ್ಬ ಕಾಂಟ್ರಾಕ್ಟರರ ಕಚೇರಿಯಿಂದ 30,000ದ ಕೆಲಸ ಬಂದಿದೆ, 11 ತಿಂಗಳ ಕರಾರು. ಭಾವ ಹೇಳಿ ಕೊಡಿಸಿದ್ದು. ಉತ್ತರ ಕೊಡಲು ಹನ್ನೆರಡು ದಿನ. ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ, ಎರಡು ಎಕರೆಗಿಂತ ಕಡಿಮೆ ತೋಟವಿದೆ. ಚೀಟಿ ಬರೆದು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ.

ಬಂದ ಕಾರ್ಡುಗಳು: ನಿನ್ನೆಗೆ ಏಟ್ ಆಫ್ ಪೆಂಟಕಲ್ಸ್, ಇಂದಿಗೆ ಫೋರ್ ಆಫ್ ಪೆಂಟಕಲ್ಸ್, ನಾಳೆಗೆ ತ್ರೀ ಆಫ್ ವ್ಯಾಂಡ್ಸ್.

ಅರ್ಥ ಹೇಳುವ ಮೊದಲು ಕಣ್ಣಿಗೆ ಕಾಣುವುದನ್ನು ಹೇಳಿ. ಮೊದಲ ಕಾರ್ಡಿನವನು ತಲೆ ಬಗ್ಗಿಸಿ ಸುತ್ತಿಗೆ ಉಳಿ ಹಿಡಿದು ನಾಣ್ಯ ಕೆತ್ತುತ್ತಿದ್ದಾನೆ, ಊರು ದೂರದಲ್ಲಿದೆ. ಎರಡನೆಯವನು ನೇರ ನಮ್ಮನ್ನೇ ನೋಡುತ್ತ ಕೂತಿದ್ದಾನೆ: ಒಂದು ನಾಣ್ಯ ತಲೆಯ ಮೇಲೆ, ಒಂದನ್ನು ಎದೆಗೆ ಅವಚಿಕೊಂಡಿದ್ದಾನೆ, ಎರಡು ಕಾಲಡಿಯಲ್ಲಿ. ಮೂರನೆಯವನು ನಮಗೆ ಬೆನ್ನು ಹಾಕಿ ಎತ್ತರದ ದಂಡೆಯಲ್ಲಿ ನಿಂತು ಸಮುದ್ರ ನೋಡುತ್ತಿದ್ದಾನೆ, ದೂರದಲ್ಲಿ ಹಡಗುಗಳಿವೆ. ಕಣ್ಣು ಮೊದಲು ಕೆಲಸದೊಳಗೆ, ಆಮೇಲೆ ನಮ್ಮ ಮೇಲೆ, ಕೊನೆಗೆ ದೂರಕ್ಕೆ. ಈ ಓದಿನ ಬೆನ್ನುಮೂಳೆ ಈ ದೃಷ್ಟಿಯ ದಾರಿಯೇ. ಪಂಗಡ ನೋಡಿದರೆ ಎರಡು ಪೆಂಟಕಲ್ಸ್, ಒಂದು ವ್ಯಾಂಡ್ಸ್. ದೊಡ್ಡ ಕಾರ್ಡು ಒಂದೂ ಇಲ್ಲ, ಅಂದರೆ ವಿಷಯ ದಿನನಿತ್ಯದ್ದು, ಅವಳ ಕೈಯಳತೆಯದು. ಕಪ್ಸ್ ಇಲ್ಲ. ಮನಸ್ಸಿಗೆ ಯಾವ ಕೆಲಸ ಹಿಡಿಸುತ್ತದೆ ಎಂಬ ಮಾತು ಇಷ್ಟು ಹೊತ್ತು ಬಂದೇ ಇಲ್ಲ ಎಂಬುದನ್ನು ಇದು ನೆನಪಿಸಬಹುದು. ಆದರೆ ಇಲ್ಲದ ಕಾರ್ಡಿನ ಮೇಲೆ ಹೆಚ್ಚು ಕಟ್ಟಬೇಡಿ. ಮೂರೇ ಕಾರ್ಡು ತೆಗೆದರೆ ಒಂದಾದರೂ ಪಂಗಡ ಬಿಟ್ಟುಹೋಗಲೇಬೇಕು.

ಇನ್ನು ಕಾರ್ಡು ಒಂದೊಂದಾಗಿ. ಏಟ್ ಆಫ್ ಪೆಂಟಕಲ್ಸ್ ಎಂದರೆ ಕಸುಬು ಕಲಿಯುವುದು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಚಿತ್ರದಲ್ಲಿ ಎಂಟೂ ನಾಣ್ಯ ಒಂದೇ ಅಚ್ಚಿನವು. ಹಾಗಾಗಿ ಕೇಳಬೇಕಾದ ಪ್ರಶ್ನೆ: "ತಂಗೀ, ಈ ಕೆಲಸದಲ್ಲಿ ಹೊಸದು ಅಂತ ಕೊನೆಯ ಸಲ ಕಲಿತದ್ದು ಯಾವಾಗ?"

"ಜಿಎಸ್‌ಟಿ ಬಂದಾಗ."

ಜಿಎಸ್‌ಟಿ ಬಂದದ್ದು 2017ರ ಜುಲೈಯಲ್ಲಿ. ಆಮೇಲೆ ಪ್ರತಿ ತಿಂಗಳೂ ಅದೇ ಬಿಲ್ಲು, ಅದೇ ರಿಟರ್ನು. ಈ ಉತ್ತರ ಕಾರ್ಡಿನಲ್ಲಿ ಇರಲಿಲ್ಲ, ಪ್ರಶ್ನೆ ಇತ್ತು. ಅವಳು ಬರುವಾಗ ಸಂಬಳದ ಮಾತಾಡುತ್ತ ಬಂದವಳು. ಬೇಸರ ಸಂಬಳದ್ದು ಮಾತ್ರ ಅಲ್ಲ ಎಂಬುದು ಇಲ್ಲಿ ಮೊದಲ ಸಲ ಹೊರಬಿತ್ತು. ಇದನ್ನು ಕಾಗದದಲ್ಲಿ ಬರೆದುಕೊಳ್ಳಿ, ವ್ಯಾಖ್ಯಾನ ಮಾಡಬೇಡಿ.

ಫೋರ್ ಆಫ್ ಪೆಂಟಕಲ್ಸ್‌ಗೆ ಜಿಪುಣತನ ಎಂದು ಹೇಳಿ ಮುಗಿಸುವವರಿದ್ದಾರೆ. ಎದುರಿಗೆ ಕೂತವರಿಗೆ ಅದು ಬೈಗುಳವಾಗುತ್ತದೆ, ಅವರು ಬಾಯಿ ಮುಚ್ಚುತ್ತಾರೆ. ಚಿತ್ರಕ್ಕೆ ಮರಳಿ: ಅವನು ಎದ್ದರೆ ತಲೆಯ ಮೇಲಿನ ನಾಣ್ಯ ಬೀಳುತ್ತದೆ, ಹೆಜ್ಜೆ ಇಟ್ಟರೆ ಕಾಲಡಿಯದು ಜಾರುತ್ತದೆ, ಕೈ ಬಿಟ್ಟರೆ ಎದೆಯದು ಉರುಳುತ್ತದೆ. ಆದ್ದರಿಂದ ಪ್ರಶ್ನೆ: "ನೀನು ಎದ್ದರೆ ಬೀಳುವ ನಾಲ್ಕು ಯಾವುದು? ಹೆಸರು ಹೇಳು." ನಾಲ್ಕೇ ನಾಲ್ಕು. ಅವಳು ಹೇಳಿದ್ದು ಸಂಬಳದ ಖಾತ್ರಿ, ಪಿಎಫ್, ಮನೆಯಿಂದ ಹೋಗಿ ಬರುವ ಅನುಕೂಲ, ಕಚೇರಿಯಲ್ಲಿ 'ಅಕ್ಕನ ಕೇಳಿ' ಎನ್ನುವ ಮರ್ಯಾದೆ.

ಇಲ್ಲಿ ಕಾರ್ಡು ಬದಿಗಿಟ್ಟು ಪೆನ್ನು ಹಿಡಿಯಬೇಕು. ಪೆಂಟಕಲ್ಸ್ ಬಂದಾಗ ಲೆಕ್ಕ ಮಾಡದೆ ಓದು ಮುಂದುವರಿಸುವುದು ಕೆಟ್ಟ ಓದು. ಏರುವ ಸಂಬಳ 9,000. ಕಾರವಾರದಲ್ಲಿ ಒಬ್ಬಳಿಗೆ ಕೋಣೆ ಬಾಡಿಗೆ ಅವಳ ಅಂದಾಜಿನಲ್ಲಿ 6,500, ತಿಂಗಳಿಗೆ ಎರಡು ಮೂರು ಸಲ ಮನೆಗೆ ಬಂದುಹೋಗಲು 1,500. ಉಳಿಯುವುದು 1,000, ಅದೂ ಊಟದ ಖರ್ಚು ಹಿಡಿಯದೆ. ದಿನಾ ಹೋಗಿ ಬರುವ ಮಾತೇ ಇಲ್ಲ. ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟಲು ನೂರು ಕಿಲೋಮೀಟರಿಗೂ ಹೆಚ್ಚು, ಮಳೆಗಾಲದಲ್ಲಿ ಘಟ್ಟದ ರಸ್ತೆಯನ್ನು ನಂಬಿ ಕಚೇರಿಯ ಹೊತ್ತು ಹೇಳಲಾಗುವುದಿಲ್ಲ. ಪಿಎಫ್ ವಿಷಯದಲ್ಲಿ ತಿಳಿದಿರಬೇಕಾದ ಒಂದು ಸಂಗತಿ: ಇಪಿಎಫ್‌ನ ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಅವಳದ್ದು ಒಂಬತ್ತು ಆಗಿದೆ. ಹೊಸ ಕಚೇರಿ ಅದೇ ಯುಎಎನ್ ಸಂಖ್ಯೆಗೆ ಪಿಎಫ್ ಕಟ್ಟಿ, ಹಳೆಯ ಖಾತೆ ವರ್ಗವಾದರೆ ಸೇವೆ ಮುಂದುವರಿಯುತ್ತದೆ. ಕಟ್ಟದಿದ್ದರೆ ಒಂಬತ್ತರಲ್ಲೇ ನಿಲ್ಲುತ್ತದೆ. ಕಾಂಟ್ರಾಕ್ಟರರ ಕಚೇರಿಯಲ್ಲಿ ಪಿಎಫ್ ಇದೆಯೇ? "ಕೇಳಲಿಲ್ಲ."

ಹೀಗೆ ಹೊಸ ಕೆಲಸದ ದುಡ್ಡಿನ ಆಸೆ ತಾನಾಗಿ ಸಣ್ಣದಾಯಿತು. ನಾಲ್ಕು ನಾಣ್ಯದಲ್ಲಿ ಒಂದು, ಪಿಎಫ್, ಗೊತ್ತಿಲ್ಲದ ಸಂಗತಿ ಎಂದು ಗೊತ್ತಾಯಿತು.

ಮೂರನೆಯದರಲ್ಲಿ ನಮ್ಮ ಕಡೆಯವರು ಜಾರುವುದು ಹಡಗು ನೋಡಿ. ಸಮುದ್ರ, ಹಡಗು, ಅಂದಮೇಲೆ ಕಾರವಾರ, ಹೋಗು ಎಂದು ಕಾರ್ಡೇ ಹೇಳುತ್ತಿದೆ! ಕೇಳುವವಳೂ ಅದನ್ನೇ ಹೇಳುತ್ತಾಳೆ, ಮುಖ ಅರಳುತ್ತದೆ. ಇಲ್ಲಿ ತಡೆಯಬೇಕು. ಬೆಂಗಳೂರಿನ ಕೆಲಸದ ಪ್ರಶ್ನೆಗೂ ಇದೇ ಕಾರ್ಡು ಬಂದರೆ ಇದೇ ಸಮುದ್ರ ಇರುತ್ತಿತ್ತಲ್ಲ. ಸರಿಯಾಗಿ ನೋಡಿದರೆ ಅವನು ಹಡಗು ಹತ್ತಿಲ್ಲ, ನೆಲದ ಮೇಲಿದ್ದಾನೆ. ಒಂದು ಕೋಲನ್ನು ಕೈಯಲ್ಲಿ ಹಿಡಿದಿದ್ದಾನೆ, ಇನ್ನೆರಡು ನೆಲದಲ್ಲಿ ನಿಂತಿವೆ. ಹಡಗುಗಳು ಈಗಾಗಲೇ ಹೊರಟಿವೆ, ಅವನು ಕಾಯುತ್ತಿದ್ದಾನೆ. ಈ ಕಾರ್ಡನ್ನು ವ್ಯಾಪಾರಿಯ ಕಾರ್ಡು ಎಂದು ಓದುವ ರೂಢಿ ಹಳೆಯದು; ಸರಕು ಕಳಿಸಿದವನಿಗೆ ಮಾತ್ರ ಬರುವ ಹಡಗಿರುತ್ತದೆ. ಹಾಗಾದರೆ ಪ್ರಶ್ನೆ: "ನೀನು ಇಲ್ಲಿವರೆಗೆ ಏನು ಕಳಿಸಿದ್ದೀ?"

ಅವಳು ಏನನ್ನೂ ಕಳಿಸಿಲ್ಲ. ಯಜಮಾನರ ಹತ್ತಿರ ಸಂಬಳ ಹೆಚ್ಚಿಸಿ ಎಂದು ಕೇಳಿಲ್ಲ. ಬೇರೆ ಕಡೆ ಅರ್ಜಿ ಹಾಕಿಲ್ಲ. ಕಾರವಾರದ ಕೆಲಸ ಭಾವ ಕಳಿಸಿದ ಹಡಗು, ಅವಳದಲ್ಲ. ಇಂದಿನ ಭಂಗಿಗೆ ಇದನ್ನು ಜೋಡಿಸಿ: ನಾಲ್ಕು ನಾಣ್ಯ ಅವಚಿ ಕೂತವಳು ಹೀಗೇ ಇದ್ದರೆ ಆರು ತಿಂಗಳ ಮೇಲೂ ದಂಡೆಯಲ್ಲಿ ನಿಂತು ಬೇರೆಯವರ ಹಡಗು ನೋಡುತ್ತಿರುತ್ತಾಳೆ, ಶಿರಸಿಯಲ್ಲಾದರೂ ಸರಿ, ಕಾರವಾರದಲ್ಲಾದರೂ ಸರಿ.

ಇನ್ನು ಮೂರನ್ನೂ ಒಂದೇ ವಾಕ್ಯ ಮಾಡಿ. ವಾಕ್ಯ ಒಂದಕ್ಕಿಂತ ಹೆಚ್ಚಾದರೆ ನೀವು ಇನ್ನೂ ಕಾರ್ಡುಗಳನ್ನು ಬಿಡಿಬಿಡಿಯಾಗಿಯೇ ಓದುತ್ತಿದ್ದೀರಿ. "ಒಂದೇ ಕೆಲಸ ಮಾಡಿ ಮಾಡಿ ಕಲಿಯುವುದು ನಿಂತದ್ದರಿಂದ ಬೇಸರ ಬಂದಿದೆ, ಆದರೆ ಕೈಲಿರುವುದು ಬಿದ್ದೀತೆಂದು ಅಲ್ಲಾಡದೆ ಕೂತಿದ್ದೇನೆ, ಹೀಗೇ ಕೂತರೆ ಬರುವುದು ಬೇರೆಯವರು ಆರಿಸಿಕೊಟ್ಟದ್ದು ಮಾತ್ರ." ಇದನ್ನು ಅವಳೇ ತನ್ನ ಮಾತಿನಲ್ಲಿ ಬರೆಯಬೇಕು. ನೀವು ಹೇಳಿದ್ದನ್ನು ಅವಳು ಬರೆದುಕೊಂಡರೆ ಎರಡು ದಿನಕ್ಕೆ ಮರೆಯುತ್ತಾಳೆ.

ಆಮೇಲೆ ಮೂರು ಕೆಲಸ, ಹನ್ನೆರಡು ದಿನದೊಳಗೆ, ದಿನಾಂಕ ಹಾಕಿ. ಮೂರನೇ ದಿನದೊಳಗೆ ಕಾರವಾರದ ಕಚೇರಿಗೆ ಫೋನು: ಪಿಎಫ್ ಇದೆಯೇ, 11 ತಿಂಗಳ ಮೇಲೆ ಕರಾರು ಮುಂದುವರಿಸುವ ಬಗ್ಗೆ ಕಾಗದದಲ್ಲಿ ಏನಿದೆ, ಕೆಲಸ ನಿಜವಾಗಿ ಯಾವುದು, ಅಲ್ಲಿಯೂ ಬಿಲ್ಲು ಬರೆಯುವುದೇ ಆದರೆ ಎಂಟು ನಾಣ್ಯ ಒಂಬತ್ತಾಗುತ್ತದೆ ಅಷ್ಟೇ. ಆರನೇ ದಿನದೊಳಗೆ ಯಜಮಾನರ ಹತ್ತಿರ ಒಂದು ಮಾತು, ಸಂಬಳದ್ದೂ ಕೆಲಸದ್ದೂ ಸೇರಿಸಿ. ಮತ್ತೆ, ತಾನೇ ಆರಿಸಿದ ಒಂದು ಕಡೆಗೆ ಒಂದು ಅರ್ಜಿ, ಹುಬ್ಬಳ್ಳಿಯಾದರೂ ಆಗಲಿ.

ಈಗ ಹೊಸ ಚೀಟಿಯಲ್ಲಿ ಮತ್ತೆ ಅಂಕಿ ಬರೆಸಿ, ಹಳೆಯದನ್ನು ತೆರೆಸಿ. ಮೊದಲು 8 ಇದ್ದದ್ದು 5 ಆಗಿದ್ದರೆ, ಇಳಿದದ್ದು ಯಾವ ಮಾತಿಗೆ ಎಂದು ಕೇಳಿ. "ಬಾಡಿಗೆ ಲೆಕ್ಕಕ್ಕೆ" ಎಂದರೆ ಓದು ಸರಿಯಾಗಿದೆ. "ಆ ಕಾರ್ಡಿನ ಮುಖ ನೋಡಿ ಹೆದರಿಕೆ ಆಯ್ತು" ಎಂದರೆ ಎಲ್ಲೋ ತಪ್ಪಿದೆ, ಎರಡನೇ ಕಾರ್ಡಿಗೆ ಮರಳಬೇಕು. ಅಂಕಿ ಬದಲಾಗಲೇ ಇಲ್ಲವೆಂದರೂ ತೊಂದರೆ ಇಲ್ಲ, ಕಾರಣವಾದರೂ ಸ್ಪಷ್ಟವಾಗಿರುತ್ತದೆ.

ಓದು ಕೆಡುವ ಜಾಗಗಳು

ಹೆಚ್ಚು ಕೆಡುವುದು ಎರಡನೇ ಸಲ ಹಾಕಿದಾಗ. ಬಂದದ್ದು ಹಿಡಿಸಲಿಲ್ಲ, "ಸರಿ ಕಲಸಲಿಲ್ಲ ಅನಿಸ್ತದೆ, ಇನ್ನೊಮ್ಮೆ" ಎನ್ನುತ್ತಾರೆ. ಎರಡನೇ ಸಲ ಬೇರೆ ಬರುತ್ತದೆ, ಮೂರನೇ ಸಲ ಮತ್ತೊಂದು. ಕೊನೆಗೆ ಮೊದಲೇ ಬೇಕಾಗಿದ್ದ ಉತ್ತರವನ್ನು ಆರಿಸಿಕೊಂಡು ಏಳುತ್ತಾರೆ. ನಿಯಮ ಗಟ್ಟಿಯಾಗಿರಲಿ: ಸಂಗತಿ ಬದಲಾದರೆ ಮಾತ್ರ ಮತ್ತೆ ಹಾಕುವುದು. ಯಜಮಾನರು ಸಂಬಳ ಏರಿಸಿದರು, ಕಾರವಾರದವರು ಪಿಎಫ್ ಇಲ್ಲ ಎಂದರು, ಇವು ಬದಲಾವಣೆ. ರಾತ್ರಿ ನಿದ್ದೆ ಬರಲಿಲ್ಲ ಎಂಬುದು ಬದಲಾವಣೆ ಅಲ್ಲ. ಒಂದು ಕಾರ್ಡು ಪೂರ್ತಿ ಅರ್ಥವಾಗದಿದ್ದರೆ ಅದರ ಪಕ್ಕಕ್ಕೆ ಇನ್ನೊಂದೇ ಒಂದು ತೆಗೆಯಬಹುದು. ಅದನ್ನೂ ನಾಳೆಯ ಕಾರ್ಡಿಗೆ ಮಾಡಬೇಡಿ, ಇಂದಿನದಕ್ಕೆ ಮಾತ್ರ. ನಾಳೆಯ ಪಕ್ಕಕ್ಕೆ ಕಾರ್ಡು ಇಡಲು ಶುರುಮಾಡಿದರೆ ಅದಕ್ಕೆ ಕೊನೆ ಇಲ್ಲ.

ಹೆದರಿಸುವ ಕಾರ್ಡುಗಳದ್ದು ಇನ್ನೊಂದು ಕಥೆ. ಡೆತ್ ಬಂದಾಗ ಹೆಸರನ್ನು ಓದುವ ಮೊದಲೇ ಚಿತ್ರ ತೋರಿಸಿ: ಬಿಳಿ ಕುದುರೆಯ ಮೇಲೆ ಅಸ್ಥಿಪಂಜರ, ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯ. ಕೆಲಸದ ಪ್ರಶ್ನೆಯಲ್ಲಿ ಅದು ಒಂದು ಅಧ್ಯಾಯ ಮುಗಿಯುವುದು, ಹಲವು ಸಲ ಮನಸ್ಸಿನಲ್ಲಿ ಈಗಾಗಲೇ ಮುಗಿದದ್ದು. ಟವರ್ ನಾಳೆಯ ಜಾಗದಲ್ಲಿ ಬಂದರೆ "ಕಂಪನಿ ಮುಚ್ಚುತ್ತದೆ" ಎಂದು ಯಾವ ಕಾರಣಕ್ಕೂ ಹೇಳಬಾರದು. ಸಿಡಿಲು ಬಡಿದು ಕಿರೀಟ ಹಾರಿ ಇಬ್ಬರು ಕೆಳಗೆ ಬೀಳುವ ಆ ಚಿತ್ರವನ್ನು ಹೀಗೆ ಕೇಳಿ: "ಹೊಸ ಕೆಲಸ ಎರಡು ತಿಂಗಳಲ್ಲಿ ಹೋಯಿತು ಅಂತ ಇಟ್ಟುಕೋ. ಎಷ್ಟು ತಿಂಗಳ ಖರ್ಚಿಗೆ ಕೈಯಲ್ಲಿ ಇದೆ?" ಉತ್ತರ ಒಂದು ತಿಂಗಳು ಎಂದಾದರೆ ಟವರ್ ಬರದಿದ್ದರೂ ಅದು ಕೇಳಬೇಕಾದ ಪ್ರಶ್ನೆಯೇ ಆಗಿತ್ತು.

ಏಸ್ ಆಫ್ ಪೆಂಟಕಲ್ಸ್, ಸನ್, ಟೆನ್ ಆಫ್ ಕಪ್ಸ್‌ನಂಥ ಚೆಂದದ ಕಾರ್ಡುಗಳು ಇದಕ್ಕಿಂತ ಹೆಚ್ಚು ಹಾಳುಮಾಡುತ್ತವೆ, ಏಕೆಂದರೆ ಅವು ಬಂದಾಗ ಯಾರೂ ಪ್ರಶ್ನೆ ಕೇಳುವುದಿಲ್ಲ. ಏಸ್ ಆಫ್ ಪೆಂಟಕಲ್ಸ್‌ನಲ್ಲಿ ಮೋಡದಿಂದ ಬಂದ ಕೈ ನಾಣ್ಯ ಚಾಚಿದೆ. ತೆಗೆದುಕೊಳ್ಳುವ ಕೈ ಚಿತ್ರದಲ್ಲಿಲ್ಲ. ಅಲ್ಲಿಗೇ ಪ್ರಶ್ನೆ ಸಿಕ್ಕಿತು.

ಓದುವವರ ಸ್ವಂತ ಗಾಯವೂ ನಡುವೆ ಬರುತ್ತದೆ. ನೀವು ಕೆಲಸ ಬಿಟ್ಟು ಪಶ್ಚಾತ್ತಾಪ ಪಟ್ಟವರಾದರೆ ಎಲ್ಲ ಕಾರ್ಡೂ 'ಇರು' ಎನ್ನುತ್ತವೆ, ಬಿಡದೆ ನರಳುತ್ತಿರುವವರಾದರೆ ಎಲ್ಲವೂ 'ಹೋಗು' ಎನ್ನುತ್ತವೆ. ಪರೀಕ್ಷೆ ಸುಲಭ. ಓದು ಮುಗಿದ ಮೇಲೆ ನಿಮ್ಮ ಮಾತಿನಲ್ಲಿ ಪ್ರಶ್ನೆ ಎಷ್ಟಿತ್ತು, ಹೇಳಿಕೆ ಎಷ್ಟಿತ್ತು ಎಂದು ಲೆಕ್ಕ ಹಾಕಿ. ಪ್ರಶ್ನೆಗಳು ಕಡಿಮೆಯಾಗಿದ್ದರೆ ಓದಿದ್ದು ನಿಮ್ಮ ಬದುಕನ್ನು.

ಎದ್ದು ಹೋಗುವ ಮೊದಲು ಒಂದು ಪುಟದಲ್ಲಿ ದಿನಾಂಕ, ಪ್ರಶ್ನೆ, ಮೂರು ಕಾರ್ಡಿನ ಹೆಸರು, ಅವರದೇ ಒಂದು ವಾಕ್ಯ, ಮೂರು ಕೆಲಸ ಬರೆದು ಫೋಟೋ ತೆಗೆದುಕೊಳ್ಳಲಿ. ಕಾರ್ಡುಗಳ ಫೋಟೋ ಮಾತ್ರ ತೆಗೆದು ಹೋದರೆ ಹತ್ತನೇ ದಿನ ಆ ಹಡಗು ಮತ್ತೆ ಕಾರವಾರಕ್ಕೇ ಹೊರಟಿರುತ್ತದೆ. ಆರು ತಿಂಗಳ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನ ಪುಟ ತೆರೆದು ಮೂರು ಕೆಲಸಗಳಲ್ಲಿ ಯಾವುದಾಯಿತು, ಯಾವುದು ಹಾಗೇ ಉಳಿಯಿತು ಎಂದು ಮೊದಲು ನೋಡಲಿ. ಕಾರ್ಡಿನ ಮಾತು ನಿಜವಾಯಿತೋ ಇಲ್ಲವೋ ಎಂದು ನೋಡುವುದು ಅದರ ಆಮೇಲೆ.